ರಾತ್ರಿ 11:20ಕ್ಕೆ ‘ಊಟ ಆಯ್ತಾ ಮೇಡಂ?’: ರಿಕ್ರೂಟರ್ ವಾಟ್ಸಾಪ್‌ನ ಒಂದು ಪ್ರಕರಣ

ಇಲ್ಲಿರುವುದು ಯಾರೋ ಒಬ್ಬರ ಕಥೆಯಲ್ಲ. ಬೆಂಗಳೂರಿನ ಐಟಿ ನೇಮಕಾತಿಯಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಜೋಡಿಸಿ ಕಟ್ಟಿದ ಒಂದೇ ಪ್ರಕರಣ. ಹಾಗಾಗಿ ಅಭ್ಯರ್ಥಿಗೂ ಹೆಸರಿಲ್ಲ, ಕನ್ಸಲ್ಟೆನ್ಸಿಗೂ ಹೆಸರಿಲ್ಲ.

ಅಭ್ಯರ್ಥಿ ಶಿವಮೊಗ್ಗ ಕಡೆಯವರು. ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ನಾಲ್ಕು ವರ್ಷದ ಅನುಭವ, ಮಾರತ್ತಹಳ್ಳಿಯ ಪಿಜಿಯಲ್ಲಿ ವಾಸ. ಜಾಬ್ ಪೋರ್ಟಲ್‌ನಲ್ಲಿದ್ದ ಪ್ರೊಫೈಲ್ ನೋಡಿ ಒಂದು ಕನ್ಸಲ್ಟೆನ್ಸಿಯ ರಿಕ್ರೂಟರ್ ಫೋನ್ ಮಾಡಿದರು. ಎರಡು ಸುತ್ತು ಇಂಟರ್‌ವ್ಯೂ ಮುಗಿದು, ವರ್ಷಕ್ಕೆ 9 ಲಕ್ಷದ ಆಫರ್ ಬಂತು. ಹಳೇ ಕಂಪನಿಗೆ ರಾಜೀನಾಮೆ ಕೊಟ್ಟಾಯಿತು, ನೋಟಿಸ್ ಪೀರಿಯಡ್ 60 ದಿನ. ಪ್ರಕರಣದ ಬಹುಭಾಗ ನಡೆದದ್ದು ಈ 60 ದಿನದಲ್ಲೇ. ಹಿಂದಿನ ಕೆಲಸ ಬಿಟ್ಟಾಗಿದೆ, ಮುಂದಿನದು ಕೈಗೆ ಸಿಕ್ಕಿಲ್ಲ. ಮಧ್ಯದಲ್ಲಿ ನಿಂತವರಿಗೆ ರಿಕ್ರೂಟರ್ ಮೆಸೇಜ್ ಯಾವ ಹೊತ್ತಿಗೆ ಬಂದರೂ ಎದೆ ಧಸಕ್ಕೆನ್ನುತ್ತದೆ. ‘ಆಫರ್ ಏನಾದ್ರೂ ಕ್ಯಾನ್ಸಲ್ ಆಯ್ತಾ?’ ಎಂದುಕೊಂಡೇ ಫೋನ್ ತೆಗೆಯುತ್ತಾರೆ.

ಮೆಸೇಜ್‌ಗಳು ಬಂದ ಕ್ರಮ ಹೀಗಿತ್ತು.

ಬುಧವಾರ ರಾತ್ರಿ 9:40: ‘ಮೇಡಂ, ನಾಳೆ ಬೆಳಿಗ್ಗೆ 8:30ಕ್ಕೆ ಸೆಕೆಂಡ್ ರೌಂಡ್. ಈಗಲೇ ಕನ್ಫರ್ಮ್ ಮಾಡಿ.’
ಮುಂದಿನ ವಾರ, ಆಫರ್ ಬಂದ ಮೇಲೆ, ಗುರುವಾರ ರಾತ್ರಿ 10:55: ‘ರಿಸೈನ್ ಮಾಡಿದ್ರಾ? ಅಕ್ಸೆಪ್ಟೆನ್ಸ್ ಮೇಲ್ ಸ್ಕ್ರೀನ್‌ಶಾಟ್ ಕಳಿಸಿ.’
ಶನಿವಾರ ರಾತ್ರಿ 11:20: ‘ಊಟ ಆಯ್ತಾ ಮೇಡಂ?’
ಸೋಮವಾರ ಬೆಳಿಗ್ಗೆ 6:10: ಗುಲಾಬಿ ಹೂವಿನ ಮೇಲೆ ‘ಶುಭೋದಯ’.
ಬುಧವಾರ ರಾತ್ರಿ 11:45: ‘ಸ್ಟೇಟಸ್ ನೋಡ್ದೆ. ಟ್ರೆಕ್ ಎಲ್ಲಿಗೆ ಹೋಗಿದ್ರಿ? ಫೋಟೋ ಚೆನ್ನಾಗಿದೆ.’

ಇವೆಲ್ಲವನ್ನೂ ಒಂದೇ ತಕ್ಕಡಿಗೆ ಹಾಕಿ ‘ರಾತ್ರಿ ಮೆಸೇಜ್ ಮಾಡ್ತಾನೆ’ ಎಂದರೆ ಎರಡು ತಪ್ಪಾಗುತ್ತದೆ. ಮೊದಲನೇ ಮೆಸೇಜ್ ಸರಿಯಾದದ್ದೇ. ಇಂಟರ್‌ವ್ಯೂ ಮಾಡುವವರು ಅಮೆರಿಕದಲ್ಲಿದ್ದರೆ ಅವರ ಒಪ್ಪಿಗೆ ಬರುವುದೇ ನಮ್ಮ ರಾತ್ರಿಗೆ. ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ 10 ಆದಾಗ ಬೆಂಗಳೂರಿನಲ್ಲಿ ಸಂಜೆ 7:30, ಅಲ್ಲಿನ ಚಳಿಗಾಲದಲ್ಲಾದರೆ ರಾತ್ರಿ 8:30. ಅವರು ಮೇಲ್ ನೋಡಿ, ಸ್ಲಾಟ್ ಕೊಟ್ಟು, ಅದು ಕನ್ಸಲ್ಟೆನ್ಸಿಗೆ ತಲುಪುವಷ್ಟರಲ್ಲಿ 9:30. ಮಾರನೇ ದಿನ ಬೆಳಿಗ್ಗೆ ಕೂರಬೇಕಾದ ಇಂಟರ್‌ವ್ಯೂಗೆ ಆ ಹೊತ್ತಲ್ಲಿ ಕೇಳದೆ ಬೇರೆ ದಾರಿಯಿಲ್ಲ. ಇದಕ್ಕೂ ಗುಲಾಬಿ ಹೂವಿಗೂ ಒಂದೇ ಸಿಟ್ಟು ತೋರಿಸಿದರೆ ಅಭ್ಯರ್ಥಿಯ ಮಾತಿಗೆ ತೂಕ ಉಳಿಯುವುದಿಲ್ಲ. ಹಾಗೆಯೇ ಕೊನೇ ಮೆಸೇಜನ್ನು ‘ಪಾಪ, ಅವರ ಕೆಲಸವೇ ಹಂಗೆ’ ಎಂದು ಮೊದಲನೆಯದರ ಲೆಕ್ಕಕ್ಕೆ ಸೇರಿಸಿದರೆ ಮುಂದಿನದಕ್ಕೆ ಬಾಗಿಲು ತೆರೆದಂತೆ.

ಎರಡನೆಯದು ನಡುವಿನದು. ವಿಷಯ ಕೆಲಸದ್ದು, ಹೊತ್ತು ಮಾತ್ರ ತಪ್ಪು. ರಿಕ್ರೂಟರ್‌ಗೆ ಆ ಆತುರ ಎಲ್ಲಿಂದ ಬರುತ್ತದೆ ಎಂದು ತಿಳಿದಿದ್ದರೆ ಅರ್ಧ ಭಯ ಕಡಿಮೆಯಾಗುತ್ತದೆ. ಕನ್ಸಲ್ಟೆನ್ಸಿಗಳು ಕಂಪನಿಯಿಂದ ಪಡೆಯುವ ಶುಲ್ಕ ಸಾಮಾನ್ಯವಾಗಿ ಅಭ್ಯರ್ಥಿಯ ವರ್ಷದ ಸಂಬಳದ ಇಂತಿಷ್ಟು ಪಾಲು. 8.33 ಶೇಕಡ, ಅಂದರೆ ಒಂದು ತಿಂಗಳ ಸಂಬಳ, ಬಹಳ ಕಡೆ ನಡೆಯುವ ದರ. 9 ಲಕ್ಷಕ್ಕೆ ಅದು ಸುಮಾರು 75 ಸಾವಿರ. ಅಭ್ಯರ್ಥಿ ಕೆಲಸಕ್ಕೆ ಸೇರಿದ ಮೇಲಷ್ಟೇ ಆ ಹಣ. ಮೊದಲ ಕೆಲವು ತಿಂಗಳಲ್ಲೇ ಬಿಟ್ಟುಹೋದರೆ ಬದಲಿ ಅಭ್ಯರ್ಥಿಯನ್ನು ಉಚಿತವಾಗಿ ಹುಡುಕಿಕೊಡಬೇಕೆಂಬ ಷರತ್ತೂ ಇರುತ್ತದೆ. 60 ದಿನದ ನೋಟಿಸ್ ಅವಧಿಯಲ್ಲಿ ಅಭ್ಯರ್ಥಿ ಇನ್ನೊಂದು ಆಫರ್ ಹಿಡಿದು ಹೋದರೆ ರಿಕ್ರೂಟರ್‌ನ ಎರಡು ತಿಂಗಳ ಕೆಲಸ ನೀರಿಗೆ. ಆದ್ದರಿಂದಲೇ ಪದೇ ಪದೇ ಮುಟ್ಟಿ ನೋಡುವ ಚಾಳಿ.

ಇದರ ಇನ್ನೊಂದು ಮುಖವನ್ನು ಅಭ್ಯರ್ಥಿಗಳು ಗಮನಿಸುವುದೇ ಇಲ್ಲ. ಆಫರ್ ಕೊಟ್ಟವರು ಕಂಪನಿಯವರು, ರಿಕ್ರೂಟರ್ ಅಲ್ಲ. ಅಭ್ಯರ್ಥಿ ಸೇರದಿದ್ದರೆ ನಷ್ಟ ರಿಕ್ರೂಟರ್‌ಗೇ. ‘ರಾತ್ರಿ ಉತ್ತರ ಕೊಡದಿದ್ರೆ ಬೇಜಾರಾಗಿ ಆಫರ್ ಕಳೀತಾರೆ’ ಎಂಬುದು ಈ ಲೆಕ್ಕದಲ್ಲಿ ನಿಲ್ಲುವುದಿಲ್ಲ. ಕಂಪನಿಯ ಸ್ವಂತ ಎಚ್‌ಆರ್ ಆಗಿದ್ದರೆ ಚಿತ್ರ ಸ್ವಲ್ಪ ಬೇರೆ, ಏಕೆಂದರೆ ಸೇರಿದ ಮೇಲೂ ಅವರ ಮುಖ ನೋಡಬೇಕು. ಆದರೂ ಮುಂದೆ ಹೇಳುವ ಕ್ರಮ ಅಲ್ಲಿಗೂ ಹೊಂದುತ್ತದೆ.

ಗಂಟು ಬಿದ್ದ ಜಾಗ

ಈ ಪ್ರಕರಣ ಜಾರಿದ್ದು ಶನಿವಾರ 11:20ರ ಮೆಸೇಜ್‌ನಿಂದಲ್ಲ, 11:26ರ ಉತ್ತರದಿಂದ. ಆಕೆ ಬರೆದದ್ದು: ‘ಆಯ್ತು ಸರ್, ನಿಮ್ದು?’

ಕನ್ನಡದಲ್ಲಿ ‘ಊಟ ಆಯ್ತಾ’ ಎಂದರೆ ಊಟದ ವಿಚಾರಣೆ ಅಲ್ಲ, ನಮಸ್ಕಾರ. ಮಧ್ಯಾಹ್ನ ಎರಡಕ್ಕೆ ಆಫೀಸ್‌ನ ಸೆಕ್ಯುರಿಟಿಯವರೂ ಕೇಳುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ. ಕೇಳಿದವರಿಗೆ ‘ನಿಮ್ದು?’ ಎನ್ನದೆ ಇದ್ದರೆ ನಮಗೇ ಒರಟಾಯಿತೇನೋ ಅನಿಸುತ್ತದೆ. ಅದೇ ಮಾತು ಪರಿಚಯವಿಲ್ಲದ ವ್ಯಕ್ತಿಯಿಂದ, ಕೆಲಸದ ಮಾತಿಲ್ಲದೆ, ರಾತ್ರಿ ಹನ್ನೊಂದು ದಾಟಿದ ಮೇಲೆ ಬಂದಾಗ ಅದು ಬಾಗಿಲು ತಟ್ಟಿ ನೋಡುವ ಮಾತು. ಆಕ್ಷೇಪಿಸಿದರೆ ‘ಊಟ ಆಯ್ತಾ ಅಂತ ಕೇಳೋದೂ ತಪ್ಪಾ?’ ಎನ್ನಬಹುದು; ಉತ್ತರ ಬಂದರೆ ಮುಂದಿನ ಮಾತಿಗೆ ಜಾಗವಾಯಿತು. ಇಂಥದ್ದಕ್ಕೆ ಆಕ್ಷೇಪವೂ ಬೇಡ, ಉತ್ತರವೂ ಬೇಡ. ಬೆಳಿಗ್ಗೆ ಕೆಲಸದ ಮಾತೇನಾದರೂ ಇದ್ದರೆ ಅದನ್ನಷ್ಟೇ ಬರೆದು, ಊಟದ ವಿಷಯ ಅಲ್ಲಿಗೇ ಬಿಟ್ಟರೆ ಸಾಕು.

ರಾತ್ರಿ ಆರು ನಿಮಿಷದಲ್ಲಿ ಬಂದ ಉತ್ತರ ಎದುರಿನವರಿಗೆ ಕಲಿಸಿದ್ದು ಇಷ್ಟು: ಈ ಹೊತ್ತಲ್ಲಿ ಎಚ್ಚರ ಇರುತ್ತಾರೆ, ಫೋನ್ ಕೈಯಲ್ಲಿರುತ್ತದೆ, ಮಾತಾಡುತ್ತಾರೆ. ಆಮೇಲೆ ಬಾಯಲ್ಲಿ ಎಷ್ಟೇ ಗಡಿ ಹೇಳಿದರೂ, ಉತ್ತರ ಕೊಟ್ಟ ಹೊತ್ತೇ ನಿಜವಾದ ಗಡಿಯಾಗಿ ಉಳಿಯುತ್ತದೆ.

ಸ್ಟೇಟಸ್ ವಿಷಯ ಇನ್ನೊಂದು ಸಣ್ಣ ಎಡವಟ್ಟು. ಇಂಟರ್‌ವ್ಯೂ ಹೊತ್ತಲ್ಲಿ ಗುರುತು ಸಿಗಲೆಂದು ಆಕೆ ರಿಕ್ರೂಟರ್ ನಂಬರ್ ಸೇವ್ ಮಾಡಿಕೊಂಡಿದ್ದರು. ವಾಟ್ಸಾಪ್‌ನಲ್ಲಿ ಇಬ್ಬರ ಫೋನಲ್ಲೂ ಇನ್ನೊಬ್ಬರ ನಂಬರ್ ಸೇವ್ ಆಗಿದ್ದರೆ, ಬೇರೆ ಸೆಟ್ಟಿಂಗ್ ಮಾಡದ ಹೊರತು ಸ್ಟೇಟಸ್ ಕಾಣುತ್ತದೆ. ಮನೆಯವರಿಗೆ, ಗೆಳತಿಯರಿಗೆ ಎಂದು ಹಾಕಿದ ಟ್ರೆಕ್ ಫೋಟೋ ಹೀಗೆ ರಿಕ್ರೂಟರ್ ಕಣ್ಣಿಗೂ ಬಿತ್ತು.

ಮೊದಲು ಫೋನ್, ಆಮೇಲೆ ಮಾತು

ಆಕೆ ಮಾಡಿದ ಮೊದಲ ಕೆಲಸಕ್ಕೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ವಾಟ್ಸಾಪ್‌ನ `Settings`ನಲ್ಲಿ `Privacy`ಗೆ ಹೋಗಿ, `Status` ಮತ್ತು `Profile photo` ಎರಡಕ್ಕೂ `My contacts except...` ಆಯ್ಕೆ ಮಾಡಿ ಈ ನಂಬರ್ ಗುರುತು ಹಾಕಿದರು. `Last seen and online` ಒಳಗೂ ಅದೇ. ಅದರ ಕೆಳಗಿರುವ ಆನ್‌ಲೈನ್ ಆಯ್ಕೆಯನ್ನು `Same as last seen` ಎಂದು ಬದಲಿಸದಿದ್ದರೆ ‘ಆನ್‌ಲೈನ್’ ಎಂಬುದು ಕಾಣುತ್ತಲೇ ಇರುತ್ತದೆ. ಬಹಳ ಜನ ಇಲ್ಲೇ ತಪ್ಪುತ್ತಾರೆ. ಲಾಸ್ಟ್ ಸೀನ್ ಮುಚ್ಚಿ, ಆನ್‌ಲೈನ್ ಬಿಟ್ಟು, ‘ನಿದ್ದೆ ಬಂದಿತ್ತು ಸರ್’ ಎಂದು ಬೆಳಿಗ್ಗೆ ಸುಳ್ಳು ಹೇಳಿ ಸಿಕ್ಕಿಬೀಳುತ್ತಾರೆ. ಸುಳ್ಳಿನ ಅಗತ್ಯವೇ ಇಲ್ಲ ಎಂಬುದು ಬೇರೆ ಮಾತು.

ಚಾಟನ್ನು ಆರ್ಕೈವ್‌ಗೆ ತಳ್ಳುವ ಮನಸ್ಸು ಬಂದೀತು. ನೋಟಿಸ್ ಅವಧಿಯಲ್ಲಿ ಅದು ಬೇಡ. ಕಣ್ಮರೆಯಾದ ಚಾಟ್‌ನಲ್ಲಿ ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್‌ನ ಲಿಂಕ್ ಬಂದು ಕೂತಿದ್ದರೆ ಗೊತ್ತಾಗುವುದು ತಡವಾದ ಮೇಲೆ. ಮ್ಯೂಟ್ ಸಾಕು. ಮ್ಯೂಟ್‌ನಿಂದ ಕರೆ ನಿಲ್ಲುವುದಿಲ್ಲ. ರಾತ್ರಿ ಕರೆಗೆ ಫೋನಿನ ‘ಡು ನಾಟ್ ಡಿಸ್ಟರ್ಬ್’ ಹಾಕಿ, ಮನೆಯವರ ನಂಬರ್‌ಗಳಿಗೆ ಮಾತ್ರ ವಿನಾಯಿತಿ ಕೊಟ್ಟರು. ಇನ್ನೊಂದು ಸೂಕ್ಷ್ಮ: ಬೆಳಿಗ್ಗೆ ಕಳಿಸುವ ಉತ್ತರವನ್ನು ರಾತ್ರಿಯೇ ಬರೆದಿಟ್ಟುಕೊಳ್ಳುವುದಾದರೆ ಆ ಚಾಟ್ ಒಳಗೆ ಬರೆಯಬಾರದು. ಎದುರಿನವರು ಅದೇ ಹೊತ್ತಿಗೆ ಚಾಟ್ ತೆರೆದಿದ್ದರೆ ಅವರಿಗೆ `typing...` ಕಾಣುತ್ತದೆ. ನೋಟ್ಸ್‌ನಲ್ಲಿ ಬರೆದು ಬೆಳಿಗ್ಗೆ ಅಂಟಿಸಬೇಕು.

ಎರಡನೇ ಕೆಲಸ ಆಫರ್ ಲೆಟರ್ ಬಂದ ಮೇಲ್ ತೆರೆದು, ಕಂಪನಿಯ ಎಚ್‌ಆರ್ ವಿಳಾಸಕ್ಕೆ ಎರಡು ಸಾಲು ಬರೆದದ್ದು: ‘ನನ್ನ ರಾಜೀನಾಮೆ ಸ್ವೀಕಾರವಾಗಿದೆ, ಕೊನೆಯ ದಿನ ಇಂಥದ್ದು. ಜಾಯಿನಿಂಗ್ ವಿಷಯಕ್ಕೆ ನಿಮ್ಮನ್ನು ನೇರವಾಗಿ ಸಂಪರ್ಕಿಸಬಹುದೇ?’ ಅಲ್ಲಿಯವರೆಗೂ ಕಂಪನಿಗೂ ಆಕೆಗೂ ನಡುವೆ ಇದ್ದ ಒಂದೇ ಸೇತುವೆ ರಿಕ್ರೂಟರ್‌ನ ವಾಟ್ಸಾಪ್. ಒಂದೇ ಸೇತುವೆ ಇದ್ದಾಗ ಗಡಿ ಹಾಕಲು ಯಾರಿಗೂ ಧೈರ್ಯ ಬರುವುದಿಲ್ಲ. ಮಾರನೇ ದಿನ ‘ಖಂಡಿತ’ ಎಂದು ಉತ್ತರ ಬಂತು. ಈ ಪ್ರಕರಣದಲ್ಲಿ ಮುಂದಿನದೆಲ್ಲ ಸಾಧ್ಯವಾದದ್ದು ಆ ಒಂದು ಪದದಿಂದ ಎಂದೇ ಹೇಳಬೇಕು.

ಆಮೇಲೆ ಮಾತು. ಸೋಮವಾರ ಬೆಳಿಗ್ಗೆ 10:15ಕ್ಕೆ, ಕೇಳಿದ್ದ ಡಾಕ್ಯುಮೆಂಟ್ ಕಳಿಸುವ ನೆಪದಲ್ಲೇ, ಹೀಗೆ ಬರೆದರು:

‘ನಮಸ್ತೆ ಸರ್. ಕೇಳಿದ್ದ ಡಾಕ್ಯುಮೆಂಟ್ಸ್ ಮೇಲ್ ಮಾಡಿದ್ದೀನಿ, ನೋಡಿ. ಇನ್ನು ಮುಂದೆ ನಾನು ಕೆಲಸದ ವಾಟ್ಸಾಪ್ ನೋಡೋದು ಬೆಳಿಗ್ಗೆ 9ರಿಂದ ಸಂಜೆ 7:30ರವರೆಗೆ. ಮಾರನೇ ದಿನ ಬೆಳಿಗ್ಗೆ 10ರ ಒಳಗೆ ಆಗಲೇಬೇಕಾದ್ದು ಇದ್ರೆ ರಾತ್ರಿ 9ರ ಒಳಗೆ ಒಂದು ಕಾಲ್ ಮಾಡಿ, ತೆಗೀತೀನಿ. ಸಂಬಳ, ಜಾಯಿನಿಂಗ್ ಡೇಟ್ ವಿಷಯ ಮೇಲ್‌ನಲ್ಲೇ ಇರಲಿ.’

ಮೊದಲ ಕರಡಿನಲ್ಲಿ ಇನ್ನೂ ಮೂರು ತುಣುಕು ಇದ್ದವು. ‘ತಪ್ಪು ತಿಳ್ಕೋಬೇಡಿ’ ಎಂಬುದನ್ನು ತೆಗೆದರು. ತಪ್ಪು ತಿಳಿಯುವಂಥದ್ದು ಏನೋ ಇದೆ ಎಂದು ನಾವೇ ಸೂಚಿಸಿದಂತಾಗುತ್ತದೆ. ‘ಸಾರಿ’ ತೆಗೆದರು. ಮೂರನೆಯದು ‘ರಾತ್ರಿ ಫೋನ್ ನೋಡಿದ್ರೆ ನಮ್ಮನೇಲಿ ಬೈತಾರೆ’. ನಮ್ಮಲ್ಲಿ ಎಲ್ಲರಿಗೂ ಮೊದಲು ಹೊಳೆಯುವ ಸಬೂಬು ಇದೇ, ಎಲ್ಲಕ್ಕಿಂತ ದುರ್ಬಲವೂ ಇದೇ. ನಿಯಮ ನನ್ನದಲ್ಲ, ಮನೆಯವರದ್ದು ಎಂದಾಯಿತು. ಹಾಗಾದರೆ ಪಿಜಿಯಲ್ಲಿ ಒಬ್ಬರೇ ಇದ್ದಾಗ ಪರವಾಗಿಲ್ಲವಾ, ಎಂದು ಎದುರಿನವರು ಕೇಳದಿದ್ದರೂ ಹಾಗೆ ತಿಳಿಯುತ್ತಾರೆ.

ಈ ಮೆಸೇಜ್‌ನಲ್ಲಿ ಕೆಲಸ ಮಾಡಿದ್ದು 7:30 ಎಂಬ ಹೊತ್ತಲ್ಲ, 9ರ ಒಳಗಿನ ಆ ಒಂದು ಕರೆ. ಬುಧವಾರದ ಇಂಟರ್‌ವ್ಯೂ ಸ್ಲಾಟ್‌ನಂಥ ನಿಜವಾದ ತುರ್ತಿಗೆ ಜಾಗ ಕೊಟ್ಟಿದ್ದರಿಂದ ‘ಇವರು ಸಹಕರಿಸಲ್ಲ’ ಎನ್ನಲು ದಾರಿ ಉಳಿಯಲಿಲ್ಲ. ಮೆಸೇಜ್ ತಟ್ಟಿಬಿಡುವುದು ಸುಲಭ, ಕರೆ ಮಾಡಿ ಮಾತಾಡಲು ಕಾರಣ ಬೇಕು. ಇಂಟರ್‌ವ್ಯೂ ಹಂತದಲ್ಲೇ ಇದ್ದಿದ್ದರೆ ಆ 9 ಗಂಟೆಯನ್ನು 10ಕ್ಕೆ ಒಯ್ಯಬೇಕಿತ್ತು. ಅಮೆರಿಕದ ಪ್ಯಾನೆಲ್ ಎಂದರೆ 9 ಸಾಲದು. ಆಫರ್ ಆದ ಮೇಲೆ ರಾತ್ರಿಯಲ್ಲಿ ಆಗಬೇಕಾದ ಕೆಲಸ ಬಹುತೇಕ ಇರುವುದಿಲ್ಲ.

ಪರೀಕ್ಷೆ ಬಂದದ್ದು ಮೂರನೇ ರಾತ್ರಿ, 10:50ಕ್ಕೆ. ‘ಅರ್ಜೆಂಟ್ ಮೇಡಂ, ಲಾಸ್ಟ್ ಮೂರು ತಿಂಗಳ ಪೇಸ್ಲಿಪ್ ಬೇಕು.’ ಕರೆ ಬರಲಿಲ್ಲ. ನೋಟಿಫಿಕೇಷನ್ ಮ್ಯೂಟ್ ಆಗಿದ್ದರೂ ಆಕೆ ನೋಡಿದರು, ಪೇಸ್ಲಿಪ್ ಫೋನಲ್ಲೇ ಇತ್ತು, ಕಳಿಸಲು ಅರ್ಧ ನಿಮಿಷ ಸಾಕಿತ್ತು. ಅಲ್ಲೇ ಎಲ್ಲರೂ ಸೋಲುವುದು. ಆಕೆ ಕಳಿಸಲಿಲ್ಲ. ಬೆಳಿಗ್ಗೆ 9:05ಕ್ಕೆ ‘ಗುಡ್ ಮಾರ್ನಿಂಗ್ ಸರ್, ಪೇಸ್ಲಿಪ್ ಮೇಲ್ ಮಾಡಿದ್ದೀನಿ. ಎಷ್ಟು ಹೊತ್ತಿನೊಳಗೆ ಬೇಕಿತ್ತು?’ ಎಂದಷ್ಟೇ ಬರೆದರು. ‘ಲೇಟಾಯ್ತು’ ಎನ್ನಲಿಲ್ಲ, ರಾತ್ರಿಯ ಮಾತೇ ಎತ್ತಲಿಲ್ಲ. ಉತ್ತರ ಬಂತು: ‘ಇವತ್ತು ಮಧ್ಯಾಹ್ನದೊಳಗೆ ಆಗಿದ್ರೆ ಸಾಕಿತ್ತು.’ ಅರ್ಜೆಂಟ್ ಎಂಬ ಪದಕ್ಕೆ ಎಷ್ಟು ಬೆಲೆ ಎಂಬುದು ಆ ಸಾಲಿನಲ್ಲೇ ಇದೆ. ‘ಎಷ್ಟು ಹೊತ್ತಿನೊಳಗೆ?’ ಎಂದು ಪ್ರತಿಸಲ ಕೇಳುವುದರಿಂದ ಎದುರಿನವರಿಗೂ ಆ ಲೆಕ್ಕ ಹಾಕುವ ಅಭ್ಯಾಸವಾಗುತ್ತದೆ. ಮುಂದಿನ ಎರಡು ವಾರ ಕೆಲಸದ ಮೆಸೇಜ್‌ಗಳು ಹಗಲಿಗೆ ಸರಿದವು.

‘ನೀವು’ ಹೋಗಿ ‘ನೀನು’ ಬಂದಾಗ

ಕೆಲಸದ್ದು ಸರಿಯಿತು, ಇನ್ನೊಂದು ಸರಿಯಲಿಲ್ಲ. ಭಾನುವಾರ ರಾತ್ರಿ 10:40ಕ್ಕೆ: ‘ಮಲಗಿದ್ದೀಯಾ?’

ಇಂಗ್ಲಿಷ್‌ನಲ್ಲಿ ಬರೆಯುವವರಿಗೆ ಈ ಸೂಚನೆ ಸಿಗುವುದಿಲ್ಲ, ಕನ್ನಡದಲ್ಲಿ ತಪ್ಪದೆ ಸಿಗುತ್ತದೆ. ತಿಂಗಳಿನಿಂದ ‘ಮೇಡಂ’, ‘ನೀವು’ ಎನ್ನುತ್ತಿದ್ದವರು ಒಂದು ರಾತ್ರಿ ‘ನೀನು’ ಎಂದರೆ ಅದು ಕೈ ತಪ್ಪಿ ಬಂದ ಅಕ್ಷರವಲ್ಲ. ‘ಅವಳು ಕಿರಿಯಳು, ಸಲಿಗೆಯಿಂದ ಅಂದೆ’ ಎಂಬ ಸಮಜಾಯಿಷಿ ಬೀದಿಯ ಅಂಗಡಿಯ ಅಜ್ಜನಿಗೆ ಒಪ್ಪುತ್ತದೆ, ಆಫರ್ ಫೈಲ್ ಹಿಡಿದುಕೊಂಡವರಿಗಲ್ಲ.

ಇಲ್ಲಿ ಮೌನ ಸಾಲದು. ಹೂವಿಗೆ, ಊಟಕ್ಕೆ ಮೌನ ಸಾಕಿತ್ತು. ಈಗ ಒಂದೇ ಒಂದು ಸಲ, ಅದೇ ಚಾಟ್‌ನಲ್ಲಿ, ಸ್ಪಷ್ಟವಾಗಿ ಬರೆಯಬೇಕು. ಆಕೆ ಮೊದಲು ಸ್ಕ್ರೀನ್‌ಶಾಟ್ ತೆಗೆದರು. ವಾಟ್ಸಾಪ್‌ನಲ್ಲಿ ಕಳಿಸಿದ ಮೆಸೇಜನ್ನು ಎರಡು ದಿನಕ್ಕೂ ಹೆಚ್ಚು ಕಾಲ ಇಬ್ಬರ ಫೋನಿಂದಲೂ ಅಳಿಸಬಹುದು. 15 ನಿಮಿಷದೊಳಗೆ ತಿದ್ದಲೂಬಹುದು. ಬೆಳಿಗ್ಗೆ ಬರೆದರು: ‘ಸರ್, ನಮ್ಮ ಮಾತು ಈ ಕೆಲಸಕ್ಕೆ ಸಂಬಂಧಿಸಿದ್ದು ಮಾತ್ರ ಇರಲಿ. ವೈಯಕ್ತಿಕ ಮೆಸೇಜ್ ಕಳಿಸಬೇಡಿ.’

ಬಹಳ ಸಂದರ್ಭಗಳಲ್ಲಿ ವಿಷಯ ಇಲ್ಲಿಗೆ ಮುಗಿಯುತ್ತದೆ. ಇಲ್ಲಿ ಮುಗಿಯಲಿಲ್ಲ. ಬಂದ ಉತ್ತರ: ‘ಫ್ರೆಂಡ್ಲಿಯಾಗಿ ಕೇಳಿದ್ದಕ್ಕೆ ಇಷ್ಟು ಆಟಿಟ್ಯೂಡಾ? ಹಿಂಗಾದ್ರೆ ಕಂಪನಿಯವರಿಗೆ ಏನ್ ಫೀಡ್‌ಬ್ಯಾಕ್ ಕೊಡ್ಲಿ ನಾನು?’

ಈ ಎರಡನೇ ವಾಕ್ಯದಿಂದ ಪ್ರಕರಣದ ಸ್ವರೂಪವೇ ಬದಲಾಯಿತು. ವೈಯಕ್ತಿಕ ಮಾತಿಗೆ ಒಪ್ಪದಿದ್ದುದನ್ನು ಕೆಲಸದ ಜೊತೆ ಗಂಟು ಹಾಕಿದರೆ ಅದು ಶಿಷ್ಟಾಚಾರದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಇದಕ್ಕೆ ಉತ್ತರಿಸಿ ವಾದಕ್ಕಿಳಿಯುವುದು ಅನಗತ್ಯ. ಆಕೆ ಚಾಟ್‌ನ ಮೆನುವಿನಿಂದ `Export chat` ಒತ್ತಿ ಪೂರ್ತಿ ಮಾತುಕತೆಯನ್ನು ದಿನಾಂಕ, ಸಮಯದ ಸಮೇತ ಫೈಲ್ ಮಾಡಿ ತನ್ನ ಮೇಲ್‌ಗೇ ಕಳಿಸಿಕೊಂಡರು. ಬ್ಲಾಕ್ ಮಾಡುವುದಿದ್ದರೂ ಇದಾದ ಮೇಲೆಯೇ. `Report` ಮಾಡಿದರೆ ಆ ನಂಬರ್‌ನಿಂದ ಬಂದ ಕೊನೆಯ ಐದು ಮೆಸೇಜ್ ವಾಟ್ಸಾಪ್ ಕಂಪನಿಗೆ ಹೋಗುತ್ತವೆ, ಅಷ್ಟೇ. ಅದರಿಂದ ಕನ್ಸಲ್ಟೆನ್ಸಿಗೆ ಏನೂ ಗೊತ್ತಾಗುವುದಿಲ್ಲ.

ಅದೇ ಮಧ್ಯಾಹ್ನ ಕನ್ಸಲ್ಟೆನ್ಸಿಯ ಮ್ಯಾನೇಜರ್‌ಗೆ ಮೇಲ್ ಹೋಯಿತು, ಅದರ ನಕಲು ಕಂಪನಿಯ ಎಚ್‌ಆರ್‌ಗೆ. ಆರೇ ಸಾಲು. ಯಾವ ಹುದ್ದೆ, ಯಾವ ರಿಕ್ರೂಟರ್; ಯಾವ ದಿನ ಎಷ್ಟು ಗಂಟೆಗೆ ಯಾವ ಮೆಸೇಜ್, ಅಕ್ಷರಶಃ; ಯಾವ ದಿನ ಬೇಡವೆಂದು ಹೇಳಲಾಯಿತು; ಅದಕ್ಕೆ ಬಂದ ಉತ್ತರ; ಸ್ಕ್ರೀನ್‌ಶಾಟ್ ಲಗತ್ತಿಸಿದೆ; ನನ್ನ ಸಂಪರ್ಕಕ್ಕೆ ಬೇರೆಯವರನ್ನು ನೇಮಿಸಿ, ಮುಂದಿನ ಮಾತು ಮೇಲ್‌ನಲ್ಲಿರಲಿ. ‘ಮಾನಸಿಕ ಹಿಂಸೆ’, ‘ಕೆಟ್ಟ ಉದ್ದೇಶ’ ಎಂಬ ಪದಗಳು ಇರಲಿಲ್ಲ. ಉದ್ದೇಶವನ್ನು ಯಾರೂ ಸಾಬೀತು ಮಾಡಲಾರರು, ರಾತ್ರಿ 10:40 ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಇಂಥ ಮೇಲ್‌ನಲ್ಲಿ ಜನ ಸಾಮಾನ್ಯವಾಗಿ ಮರೆಯುವುದು ಕೊನೆಯ ಬೇಡಿಕೆಯನ್ನು. ಏನು ಬೇಕೆಂದು ಹೇಳದಿದ್ದರೆ ಓದಿದವರು ‘ಮಾತಾಡ್ತೀವಿ’ ಎಂದು ಸುಮ್ಮನಾಗುತ್ತಾರೆ.

ಕಾನೂನಿನ ಮಾತು ಇಲ್ಲಿ ಅಳತೆಯಲ್ಲಿರಬೇಕು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ, ನೊಂದ ಮಹಿಳೆ ಅಲ್ಲಿನ ಉದ್ಯೋಗಿಯೇ ಆಗಿರಬೇಕೆಂದು ಕೇಳುವುದಿಲ್ಲ. ಅಭ್ಯರ್ಥಿ ದೂರು ಕೊಡಲು ಅಲ್ಲಿ ಅವಕಾಶವಿದೆ. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರಲೇಬೇಕು, ಅದಕ್ಕಿಂತ ಚಿಕ್ಕದಾದರೆ ಜಿಲ್ಲೆಯ ಸ್ಥಳೀಯ ಸಮಿತಿ. ಲಿಖಿತ ದೂರು ಮೂರು ತಿಂಗಳೊಳಗೆ ಹೋಗಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಮಹಿಳೆ ಆಸಕ್ತಿಯಿಲ್ಲವೆಂದು ಸ್ಪಷ್ಟಪಡಿಸಿದ ಮೇಲೂ ಪುರುಷ ಮತ್ತೆ ಮತ್ತೆ ಸಂಪರ್ಕಿಸಿ ಆಪ್ತತೆ ಬೆಳೆಸಲು ಯತ್ನಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಅಡಿ ಹಿಂಬಾಲಿಸುವ ಅಪರಾಧವಾಗಬಹುದು. ‘ಕಳಿಸಬೇಡಿ’ ಎಂಬ ಆ ಒಂದು ಸಾಲು ಚಾಟ್‌ನಲ್ಲೇ ಇರಬೇಕೆನ್ನುವುದು ಇದಕ್ಕೇ. ಆದರೆ ರಾತ್ರಿ ಹನ್ನೊಂದಕ್ಕೆ ಪೇಸ್ಲಿಪ್ ಕೇಳಿದ್ದು ಯಾವ ಕಲಮಿಗೂ ಬರುವುದಿಲ್ಲ. ಅಭ್ಯರ್ಥಿ ಪುರುಷನಾಗಿದ್ದರೆ ಈ ಎರಡೂ ಕಾನೂನು ಅವನ ದೂರಿಗೆ ಒದಗುವುದಿಲ್ಲ. ಅವನಿಗಿರುವುದು ಸಂಸ್ಥೆಯ ಸ್ವಂತ ನಿಯಮ ಮತ್ತು ಅದೇ ಆರು ಸಾಲಿನ ಮೇಲ್.

ಈ ಪ್ರಕರಣದಲ್ಲಿ ದೂರಿನವರೆಗೆ ಹೋಗಲಿಲ್ಲ. ಎರಡು ದಿನದಲ್ಲಿ ಕನ್ಸಲ್ಟೆನ್ಸಿಯಿಂದ ಬೇರೊಬ್ಬರು ಮೇಲ್ ಮಾಡಿ ಪರಿಚಯಿಸಿಕೊಂಡರು. ಕಂಪನಿಯ ಎಚ್‌ಆರ್ ಜಾಯಿನಿಂಗ್ ದಿನಾಂಕವನ್ನು ನೇರವಾಗಿ ಖಚಿತಪಡಿಸಿತು. ಫೀಡ್‌ಬ್ಯಾಕ್ ಬಗ್ಗೆ ಯಾರೂ ಏನೂ ಕೇಳಲಿಲ್ಲ. ನಷ್ಟ ಆಗಲೇ ಇಲ್ಲವೆಂದಲ್ಲ. ಹಳೇ ರಿಕ್ರೂಟರ್ ಕೈಯಲ್ಲಿದ್ದ ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ದಾಖಲೆಗಳು ಹೊಸಬರಿಗೆ ತಲುಪಿರಲಿಲ್ಲ. ಕೆಲವನ್ನು ಹಿಂದೆ ವಾಟ್ಸಾಪ್‌ನಲ್ಲೇ ಕಳಿಸಿದ್ದರಿಂದ ಎಲ್ಲವನ್ನೂ ಮತ್ತೆ ಹುಡುಕಿ ಮೇಲ್ ಮಾಡಬೇಕಾಯಿತು, ಒಂದು ವಾರ ಹೋಯಿತು.

ಸೇರಿದ ಮೂವತ್ತನೇ ದಿನ ಹೊಸ ರಿಕ್ರೂಟರ್‌ನಿಂದ ವಾಟ್ಸಾಪ್ ಬಂತು, ಬೆಳಿಗ್ಗೆ 11:10ಕ್ಕೆ: ‘ಮೇಡಂ, ಕೆಲಸ ಹೇಗಿದೆ? ಸೆಟ್ ಆದ್ರಾ?’ ಬದಲಿ ಕೊಡಬೇಕಾದ ಅವಧಿ ಇನ್ನೂ ಮುಗಿದಿರಲಿಲ್ಲ. ಆಕೆ ಮಧ್ಯಾಹ್ನ ಊಟದ ಹೊತ್ತಿಗೆ ‘ಚೆನ್ನಾಗಿದೆ ಸರ್, ಥ್ಯಾಂಕ್ಸ್’ ಎಂದು ಬರೆದರು.